ಹದಿನೇಳು ಸೀಟಿನ ಗಾಡಿ

ಅಕ್ಕ ತಮ್ಮ ಸೇರಿ ಪ್ರವಾಸದ ಕಚೇರಿ ನಡೆಸುತ್ತಿದ್ದರು. ಅಕ್ಕ ಬುಕಿಂಗ್ ನೋಡಿಕೊಂಡರೆ, ತಮ್ಮ ಬಾಡಿಗೆ ಗಾಡಿ ತಂದು ಓಡಿಸುತ್ತಿದ್ದ. ಹೋದ ಸೀಸನ್ನಿನಲ್ಲಿ ಗಾಡಿ ಸಿಗದೆ ಹನ್ನೊಂದು ತಂಡ ಕೈತಪ್ಪಿ ಹೋದ ಮೇಲೆ ಸ್ವಂತದ್ದೇ ಕೊಳ್ಳುವುದೆಂದು ಇಬ್ಬರೂ ತೀರ್ಮಾನಿಸಿದರು. ಅಲ್ಲಿಗೆ ಒಮ್ಮತ ಮುಗಿಯಿತು. ತಮ್ಮನಿಗೆ ಹೊಸ ಟೆಂಪೊ ಟ್ರಾವೆಲರ್ ಬೇಕು, ಅಕ್ಕನಿಗೆ ಹಳೆಯದು ಸಾಕು.

"ನಾಲ್ಕು ತಿಂಗಳು ಜನ ಮುಗಿಬೀಳ್ತಾರೆ, ಸರಿ. ಉಳಿದ ಎಂಟು ತಿಂಗಳು? ಹೊಸ ಗಾಡಿನ ಶೆಡ್ಡಲ್ಲಿ ನಿಲ್ಸಿ ಮುಖ ನೋಡ್ತಾ ಕೂತ್ಕೊಳ್ಳೋದಾ? ಕಂತು ಯಾರು ಕಟ್ತಾರೆ?" ಎಂದಳು ಅಕ್ಕ.

ಅವಳೇ ಹುಡುಕಿದ ಗಾಡಿ ವಯಸ್ಸಾದ ಡ್ರೈವರ್ ಒಬ್ಬರದ್ದು. ಏಳು ವರ್ಷದ್ದಾದರೂ ಕನ್ನಡಿಯ ಹಾಗೆ ಇಟ್ಟಿದ್ದರು. ತಮ್ಮ ಗಾಡಿಯಡಿ ತೂರಿ ಚಾಸಿಗೆ ತುಕ್ಕು ಹಿಡಿದಿದೆಯೇ ನೋಡಿದ, ಎಂಜಿನ್ ಸದ್ದಿಗೆ ಕಿವಿಗೊಟ್ಟ. ಕೊನೆಗೆ ಎದ್ದು ಒಲ್ಲದ ಮನಸ್ಸಿನಿಂದಲೇ, "ಹುಳುಕು ಏನೂ ಇಲ್ಲ ಕಣಕ್ಕ," ಎಂದ.

ಅಕ್ಕ ಮುಂಗಡ ಕೊಡಲು ಚೀಲಕ್ಕೆ ಕೈಹಾಕಿದಳು. ಮುದುಕರು ತಡೆದರು.

"ಸ್ವಲ್ಪ ತಾಳಮ್ಮ. ನನಗೆ ಗಾಡಿ ಹೋದ್ರೆ ಸಾಕು, ನಿಜ. ಆದ್ರೆ ಇಲ್ಲಿ ಪ್ರವಾಸಿ ಪರ್ಮಿಟ್ ಒಂಬತ್ತು ವರ್ಷ ತುಂಬೋವರೆಗೆ ಮಾತ್ರ. ನಿಮಗೆ ಸಿಗೋದು ಎರಡೇ ಸೀಸನ್. ಆಮೇಲೆ ಶಾಲೆಗೋ ಮತ್ತೆಲ್ಲಿಗೋ ಓಡಿಸ್ಬೇಕು."

ಅಕ್ಕನ ಕೈ ಚೀಲದಲ್ಲೇ ಉಳಿಯಿತು. ವಿಚಾರಿಸದೆ ಬಂದದ್ದಕ್ಕೆ ನಾಚಿಕೆಯೂ ಆಯಿತು, ಹಣ ಕೊಡುವ ಮೊದಲೇ ತಿಳಿದದ್ದಕ್ಕೆ ಸಮಾಧಾನವೂ ಆಯಿತು.

"ಮತ್ತೆ ನೀವು ಬಿಡುವಿನ ತಿಂಗಳಲ್ಲಿ ಏನ್ ಮಾಡ್ತಿದ್ರಿ, ಮಾವ?" ಎಂದು ತಮ್ಮ ಕೇಳಿದ.

"ದೊಡ್ಡಾಸ್ಪತ್ರೆ ನರ್ಸುಗಳನ್ನ ಪಾಳಿಗೆ ಬಿಡ್ತಿದ್ದೆ. ಈಗ ಐದು ವರ್ಷದೊಳಗಿನ ಗಾಡಿನೇ ಆಗ್ಬೇಕು ಅಂತಿದ್ದಾರೆ. ಅದಕ್ಕೇ ಮಾರ್ತಿರೋದು. ನೀವು ಹೊಸದು ತಗೊಂಡ್ರೆ ನಾನೇ ಕರ್ಕೊಂಡ್ ಹೋಗಿ ಮಾತಾಡಿಸ್ತೀನಿ."

ಪ್ರವಾಸಿ ಪರ್ಮಿಟ್ಟಿನ ಗಾಡಿಯಲ್ಲಿ ನರ್ಸುಗಳನ್ನು ಕರೆದೊಯ್ಯಬಹುದೇ ಎಂದು ಕೇಳಲು ಮರುದಿನ ಅಕ್ಕ ಸಾರಿಗೆ ಕಚೇರಿಗೆ ಹೋದಳು. ಗುಮಾಸ್ತೆ ಕಡತದಿಂದ ತಲೆಯೆತ್ತಿ ಬಿಡಿಸಿ ಹೇಳಿದಳು: "ಆಸ್ಪತ್ರೆ ಜೊತೆ ಇಡೀ ಗಾಡಿಗೆ ಒಂದೇ ಒಪ್ಪಂದ ಇದ್ರೆ ಇದೇ ಪರ್ಮಿಟ್ ನಡೆಯುತ್ತೆ. ದಾರೀಲಿ ಜನ ಹತ್ತಿಸ್ಕೊಂಡು ಟಿಕೆಟ್ ಹರಿಯೋ ಹಾಗಿಲ್ಲ, ಅಷ್ಟೇ."

ಮುದುಕರು ಮಾತಿಗೆ ತಪ್ಪಲಿಲ್ಲ. ಆಸ್ಪತ್ರೆ ಬಿಡುವಿನ ಎಂಟು ತಿಂಗಳಿಗೆ ಒಪ್ಪಿತು, ಸೀಸನ್ನಿನಲ್ಲಿ ತನ್ನದೇ ಬಸ್ಸು ಓಡಿಸುವುದಾಗಿ ಹೇಳಿತು. ಅಕ್ಕ ಆಸ್ಪತ್ರೆಯ ಒಪ್ಪಿಗೆ ಪತ್ರವನ್ನು ಎರಡು ಸಲ ಓದಿ ತಮ್ಮನತ್ತ ತಿರುಗಿದಳು. "ನಡಿ, ಹೊಸದೇ ನೋಡೋಣ. ಹಲ್ಲು ಬಿಟ್ಟಿದ್ದು ಸಾಕು!"

ನೋಂದಣಿ, ಪರ್ಮಿಟ್ ಎಂದು ಓಡಾಡಿ ಗಾಡಿ ರಸ್ತೆಗಿಳಿಯುವಷ್ಟರಲ್ಲಿ ಸೀಸನ್ನಿನ ಮೊದಲ ಹತ್ತು ದಿನ ಕಳೆದಿದ್ದವು. ಹನ್ನೊಂದನೆಯ ದಿನ ಹದಿನಾರು ಜನರ ತಂಡ ಹೊರಟಿತು. ಡ್ರೈವರ್ ಸೀಟು ಬಿಟ್ಟು ಹದಿನೇಳರಲ್ಲಿ ಒಂದು ಖಾಲಿಯಿತ್ತು.

"ಅಕ್ಕಾ, ಊರಿಗೆಲ್ಲ ಪ್ರವಾಸ ಬುಕ್ ಮಾಡ್ಕೊಟ್ಟೋಳು ನೀನು. ನೀನೇ ಯಾವತ್ತಾದ್ರೂ ಸುತ್ತಿದ್ದೀಯಾ?" ಎಂದ ತಮ್ಮ.

ಕಚೇರಿಗೆ ಬೀಗ ಜಡಿದು ಅವಳು ಹಿಂದಿನ ಸೀಟಿನಲ್ಲಿ ಕುಳಿತಳು. ಮೊದಲ ತಿರುವಿನಲ್ಲೇ ಪಕ್ಕದ ಅಜ್ಜಿ ಕೇಳಿದರು, "ಯಾವ ಕಂಪನಿ ಗಾಡಿಯಮ್ಮ ಇದು? ಕುಲುಕೋದೇ ಇಲ್ಲ."

"ನಮ್ಮದೇ," ಎಂದಳು ಅಕ್ಕ. ಆ ಮಾತು ಬಾಯಿಗೆ ಹೊಸದಾಗಿತ್ತು, ಇನ್ನೊಮ್ಮೆ ಹೇಳಿದಳು.