ಅಲಂಕಾರಕ್ಕಿಟ್ಟ ನಕಾಶೆ

ಕೃಷ್ಣೆ ಏರಿದ ಬೆಳಿಗ್ಗೆ ಊರು ಬಿಡಬೇಕೆಂಬ ನೋಟಿಸಿನ ಪಿಡಿಎಫ್ ಎಲ್ಲರ ಮೊಬೈಲಿಗೆ ಬಂತು. ನನಗೆ ಕಣ್ಣಿಲ್ಲ, ಫೋನಿನ ಸ್ಕ್ರೀನ್ ರೀಡರ್ ಓದಿ ಹೇಳಿತು. ಎಡಗಡೆಯ ಕನ್ನಡ ಮುಗಿಸಿಯೇ ಬಲಗಡೆಯ ಮರಾಠಿಗೆ ಹೋಯಿತು, ಕ್ರಮ ಸರಿಯಿತ್ತು. ಕೊನೆಗೆ, "ಕೆಳಗಿನ ನಕಾಶೆಯಲ್ಲಿ ಕೆಂಪು ಬಣ್ಣದ ರಸ್ತೆ ಹಿಡಿಯಬೇಡಿ" ಎಂದಿತು. ಅಷ್ಟಕ್ಕೇ ಪುಟ ಮುಗಿಯಿತು. ನಕಾಶೆಯ ಸುದ್ದಿಯೇ ಇಲ್ಲ.

ರೀಡರ್ ಓದುವಂತೆ ಆ ಪಿಡಿಎಫನ್ನು ಟ್ಯಾಗ್ ಮಾಡಿದ್ದು ಅಥಣಿಯ ಡಿಟಿಪಿ ಅಂಗಡಿಯ ನಿಖಿಲ. ಫೋನ್ ಹಚ್ಚಿ ಬೈದೆ.

"ಅಕ್ಕಾರ, ಚಿತ್ರಕ್ಕ ವಿವರಣೆ ಬರೀಲಿಲ್ಲಂದ್ರ ಪಿಡಿಎಫ್ ತಪಾಸ ಮಾಡೋ ಚೆಕರ್ ಸಾಫ್ಟ್‌ವೇರ್ ತಪ್ಪು ತೋರಸ್ತೈತ್ರಿ. ಬರ್ಯಾಕ ಟೈಮ್ ಇರ್ಲಿಲ್ಲ. ಬರೇ ಅಲಂಕಾರ ಅಂತ ಗುರ್ತ ಹಾಕಿದ್ನಿ. ಪಾಸ್ ಆತ್ರಿ."

"ಅಲಂಕಾರ ಅಂದ್ರ ರೀಡರ್ ಅದನ್ನ ಬಿಟ್ಟ ಹೋಗ್ತೈತೋ! ಕೆಂಪ ರಸ್ತೆ ಯಾವ್ದೈತಿ?"

"ಹಳೇ ಸೇತುವೀದ್ರಿ."

ತಕ್ಷಣ ವಿರುಪಾಕ್ಷಪ್ಪ ಮಾಸ್ತರರಿಗೆ ಫೋನ್ ಮಾಡಿದೆ. ನನಗೆ ಬ್ರೈಲ್ ಕಲಿಸಿದವರು, ನನ್ನಂತೆಯೇ ಕಣ್ಣಿಲ್ಲದವರು, ಹೊಳೆ ದಂಡೆಯ ಊರಲ್ಲಿ ಒಬ್ಬರೇ ಇದ್ದರು. ರಿಂಗಾಯಿತು, ಎತ್ತಲಿಲ್ಲ. ಊರಾಚೆ ಹೋಗಲು ಅವರ ಕೋಲಿಗೆ ಗೊತ್ತಿದ್ದದ್ದು ಆ ಸೇತುವೆಯ ದಾರಿಯೊಂದೇ.

ನೀರು ಇಳಿದ ಮೇಲೆ ಸೇತುವೆಯ ಹತ್ತಿರ ಅವರ ಹೆಣ ಸಿಕ್ಕಿತು.

ಶ್ರದ್ಧಾಂಜಲಿ ಸಭೆಯ ಪಿಡಿಎಫನ್ನೂ ನಿಖಿಲನೇ ಮಾಡಿದ. ರೀಡರ್ ಓದಿತು: "ಚಿತ್ರ. ಬಿಳಿ ಟೋಪಿ, ಕಪ್ಪು ಕನ್ನಡಕ ಹಾಕಿ, ಕೈಯಲ್ಲಿ ಕೋಲು ಹಿಡಿದು ನಗುತ್ತಿರುವ ವಿರುಪಾಕ್ಷಪ್ಪ ಮಾಸ್ತರರು."

ಈ ಸಲ ವಿವರಣೆ ಬರೆಯಲು ಅವನಿಗೆ ಟೈಮ್ ಸಿಕ್ಕಿತ್ತು.