ಒಂದನೇ ತಾರೀಕಿನ ಬಡ್ಡಿ

ಆ ಕಾಗದ ಸಿಕ್ಕಿದ್ದು ಬ್ಯಾಂಕ್ ಸಾಲದ ಫೈಲಿನಲ್ಲಿ. ಸಿಗದೇ ಇದ್ದಿದ್ದರೆ ಒಳ್ಳೆಯದಿತ್ತು ಅಂತ ಮೊದಲು ಅನ್ನಿಸಿದ್ದು ನಿಜ, ಸುಳ್ಳು ಯಾಕೆ ಹೇಳಲಿ.

ಠಾಣೆಯ ನೌಪಾಡಾದಲ್ಲಿರುವ ಆ ಹೋಟೆಲಿನ ಲೆಕ್ಕ ನಾನು ಬರೆಯುತ್ತಿರುವುದು ಐದು ವರ್ಷದಿಂದ. ಹೋಟೆಲಿಗೆ ಇಬ್ಬರು ಪಾಲುದಾರರು: ಯಶ್ವಂತಣ್ಣ ಮತ್ತು ಮಾನಸಿಯಕ್ಕ. ಇಬ್ಬರೂ ಕುಂದಾಪುರದ ಕಡೆಯವರು, ಲಾಭದಲ್ಲಿ ಸರಿಸಮ ಪಾಲು. ಮೊದಲು ಪಾಲುದಾರನಾಗಿದ್ದವನು ಮಾನಸಿಯಕ್ಕನ ಗಂಡ. ಅವನು ತೀರಿಕೊಂಡ ಮೇಲೆ, ಎರಡು ಸಾವಿರದ ಇಪ್ಪತ್ತಮೂರರ ಏಪ್ರಿಲ್‌ನಲ್ಲಿ ಹೊಸ ಪಾಲುದಾರಿಕೆ ಪತ್ರ ಬರೆದು ಇವಳನ್ನು ಸೇರಿಸಿಕೊಂಡರು. ಆ ಪತ್ರದಲ್ಲಿ ಯಶ್ವಂತಣ್ಣ ಒಂದು ಷರತ್ತು ಬರೆಸಿದ್ದರು. ಯಾವ ಪಾಲುದಾರನ ಕರೆಂಟ್ ಅಕೌಂಟ್ ಸತತ ಎರಡು ವರ್ಷ ಮಾರ್ಚ್ ಮೂವತ್ತೊಂದಕ್ಕೆ ಬಾಕಿಯಲ್ಲಿರುತ್ತದೋ, ಇನ್ನೊಬ್ಬರು ನೋಟಿಸ್ ಕೊಟ್ಟರೆ ಅವರು ಬಿಟ್ಟು ಹೋಗಬೇಕು. ಹಾಕಿದ ಬಂಡವಾಳ ಅಷ್ಟೇ ವಾಪಸ್. ಹೋಟೆಲಿನ ಹೆಸರಿಗೆ, ಜಾಗಕ್ಕೆ ನಯಾ ಪೈಸೆ ಇಲ್ಲ.

ಈ ಕರೆಂಟ್ ಅಕೌಂಟ್ ಬ್ಯಾಂಕಿನದಲ್ಲ. ನಮ್ಮ ಪುಸ್ತಕದಲ್ಲಿ ಪಾಲುದಾರರ ಬಂಡವಾಳವನ್ನು ಮುಟ್ಟುವುದಿಲ್ಲ. ಅವರಿಗೆ ಬಂದ ಲಾಭ, ಬಡ್ಡಿ ಎಲ್ಲ ಕರೆಂಟ್ ಅಕೌಂಟಿಗೆ ಜಮಾ; ಮನೆಖರ್ಚಿಗೆ ತೆಗೆದದ್ದು ಅಲ್ಲೇ ಖರ್ಚು. ತೆಗೆದದ್ದು ಜಾಸ್ತಿಯಾದರೆ ಬಾಕಿ. ಮೊದಲ ವರ್ಷ ಗಂಡನ ಆಸ್ಪತ್ರೆಯ ಬಿಲ್ಲಿಗೆ ತೆಗೆದು ಮಾನಸಿಯಕ್ಕನ ಖಾತೆ ಬಾಕಿಗೆ ಬಿತ್ತು. ಎರಡನೇ ವರ್ಷ, ಅಂದರೆ ಕಳೆದ ಮಾರ್ಚ್‌ಗೆ, ಮೂವತ್ತಮೂರು ಸಾವಿರದ ನಾನೂರು ರೂಪಾಯಿ ಬಾಕಿ. ನವೆಂಬರ್‌ನಲ್ಲಿ ಯಶ್ವಂತಣ್ಣ ನೋಟಿಸ್ ಕೊಟ್ಟರು. ಡಿಸೆಂಬರ್ ಮೂವತ್ತೊಂದಕ್ಕೆ ಅಕ್ಕ ಹೊರಗೆ.

ಅದೇ ಕೆಲಸಕ್ಕೆ ಕಾಗದ ಹುಡುಕುತ್ತಿದ್ದಾಗ ಇದು ಸಿಕ್ಕಿತು. ಎರಡು ಪುಟದ ಪೂರಕ ಪತ್ರ. ಎರಡು ಸಾವಿರದ ಇಪ್ಪತ್ನಾಲ್ಕರ ಏಪ್ರಿಲ್ ಒಂದರಿಂದ ಜಾರಿ. ಹೊಸ ಅಡುಗೆಮನೆಗೆ ಸಾಲ ತೆಗೆದಾಗ ಅಕ್ಕ ಗಂಡನ ವಿಮೆಯ ಎಂಟು ಲಕ್ಷ ತಂದು ಹಾಕಿ ತನ್ನ ಬಂಡವಾಳವನ್ನು ಇಪ್ಪತ್ತು ಲಕ್ಷ ಮಾಡಿದ್ದಳು. ಯಶ್ವಂತಣ್ಣನದು ಹನ್ನೆರಡು. ಅದಕ್ಕೆ ಪ್ರತಿಯಾಗಿ ಬರೆದದ್ದು: ಬಂಡವಾಳಕ್ಕೆ ವರ್ಷಕ್ಕೆ ನೂರಕ್ಕೆ ಒಂಬತ್ತು ಬಡ್ಡಿ ಕೊಡಬೇಕು, ತೆಗೆದ ಹಣಕ್ಕೆ ಹನ್ನೆರಡು ಬಡ್ಡಿ ಹಿಡಿಯಬೇಕು. ಬ್ಯಾಂಕಿನವರು ಕೇಳಿದರು ಅಂತ ಬ್ಯಾಂಕ್ ಫೈಲಿನಲ್ಲಿ ಇಟ್ಟವಳು ನಾನೇ. ಆಮೇಲೆ ಹಿಂದಿನ ವರ್ಷದ ಲೆಕ್ಕವನ್ನೇ ಕಂಪ್ಯೂಟರಿನಲ್ಲಿ ಮುಂದುವರಿಸಿದೆ. ಬಡ್ಡಿಯ ಎರಡು ಸಾಲೂ ಬರಲೇ ಇಲ್ಲ. ಆ ಲೆಕ್ಕಕ್ಕೇ ಇಬ್ಬರೂ ಕಳೆದ ಜೂನ್ ಹತ್ತರಂದು ಸಹಿ ಹಾಕಿದರು.

ಪಾಲುದಾರಿಕೆ ಪತ್ರದ ಕೊನೆಯ ಷರತ್ತು ನನಗೆ ಬಾಯಿಪಾಠ: ಸಹಿಯಾದ ಆರು ತಿಂಗಳೊಳಗೆ ತಪ್ಪು ಕಂಡರೆ ಆ ವರ್ಷದ ಲೆಕ್ಕವನ್ನೇ ತಿದ್ದಿದ ಹಾಗೆ, ಆಮೇಲೆ ಸಹಿ ಮಾಡಿದ್ದೇ ಖಾಯಂ. ಅಂದು ಡಿಸೆಂಬರ್ ಎಂಟು. ಎರಡು ದಿನ ಬಾಯಿ ಮುಚ್ಚಿಕೊಂಡು ಕೂತರೆ ನನ್ನ ತಪ್ಪು ಯಾರಿಗೂ ಗೊತ್ತಾಗದೆ ಮುಗಿದುಹೋಗುತ್ತಿತ್ತು.

ಬಾಯಿ ಮುಚ್ಚಿಕೊಳ್ಳಲು ಇನ್ನೊಂದು ಕಾರಣವಿತ್ತು. ಡೊಂಬಿವ್ಲಿಯಲ್ಲಿ ನಾನು, ನನ್ನ ಗಂಡ ಶ್ರೀನಿ ಇರುವ ಮನೆ ಯಶ್ವಂತಣ್ಣನದು. ಪೇಟೆಯ ಅರ್ಧ ಬಾಡಿಗೆ. ಹನ್ನೊಂದು ತಿಂಗಳ ಕರಾರು ಮುಗಿಯುವುದು ಜನವರಿಯಲ್ಲಿ.

ಅಂದು ರಾತ್ರಿ ಶ್ರೀನಿಗೆ ಎಲ್ಲ ಹೇಳಿದೆ. "ನೋಡಪ್ಪಾ, ನಾನೇನೂ ಹೇಳಲ್ಲ. ಹೇಳಿದ್ರೆ ನಾಳೆ ನನ್ನ ಮೇಲೆ ಹಾಕ್ತೀಯ" ಎಂದ. ಮೈಸೂರಿನವರ ಈ ಜಾಣತನ ಕಂಡರೆ ನನಗೆ ಮೈ ಉರಿಯುತ್ತದೆ. "ಹೇಳಬ್ಯಾಡ, ಮಲ್ಕೋ" ಅಂದೆ.

ಮರುದಿನ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ಬಂಡವಾಳದ ಬಡ್ಡಿ ಅಕ್ಕನಿಗೆ ಒಂದು ಲಕ್ಷ ಎಂಬತ್ತು ಸಾವಿರ, ಅಣ್ಣನಿಗೆ ಒಂದು ಲಕ್ಷ ಎಂಟು ಸಾವಿರ. ಇದು ಲಾಭದಿಂದ ಮೊದಲೇ ಹೋಗಬೇಕಿತ್ತು. ಹೋಗದೆ ಲಾಭ ಹೆಚ್ಚಾಗಿ ಕಂಡು ಇಬ್ಬರಿಗೂ ಹಂಚಿಬಿಟ್ಟಿದ್ದೆ. ಆ ಹೆಚ್ಚಿನದನ್ನು ಅರ್ಧರ್ಧ ವಾಪಸ್ ತೆಗೆಯಬೇಕು, ತಲಾ ಒಂದು ಲಕ್ಷ ನಲವತ್ತನಾಲ್ಕು ಸಾವಿರ. ಅಕ್ಕನಿಗೆ ನಿವ್ವಳ ಮೂವತ್ತಾರು ಸಾವಿರ ಬರುತ್ತದೆ. ಬಾಕಿ ಮೂವತ್ತಮೂರು ಸಾವಿರದ ನಾನೂರು. ಉಳಿದಳು! ಕಳವಾ ಸ್ಟೇಷನ್ ಬರುವ ತನಕ ಖುಷಿಯಾಗಿದ್ದೆ. ಆಮೇಲೆ ತೆಗೆದ ಹಣದ ಬಡ್ಡಿ ನೆನಪಾಯಿತು. ಅದನ್ನು ಕೂಡಿಸುವ ಧೈರ್ಯ ಬರಲಿಲ್ಲ.

ಹೋಟೆಲಿನ ಅಡುಗೆಮನೆಯ ಮೇಲಿನ ಮಾಳಿಗೆಯೇ ನಮ್ಮ ಆಫೀಸು. ಇಬ್ಬರನ್ನೂ ಅಲ್ಲಿಗೆ ಕರೆದು ಪತ್ರ ಮೇಜಿನ ಮೇಲಿಟ್ಟೆ.

"ಅಣ್ಣಾರ, ನನ್ನಿಂದ ತಪ್ಪಾಗ್ಯದ. ಬಡ್ಡಿ ಹಾಕೋದು ಬಿಟ್ಟೇನ್ರಿ."

ಯಶ್ವಂತಣ್ಣ ಕಾಗದವನ್ನು ಓದಲೇ ಇಲ್ಲ. ಅಂದರೆ ಅವರಿಗೆ ಗೊತ್ತಿತ್ತು! ಆರು ತಿಂಗಳಿಂದ ಗೊತ್ತಿದ್ದು ದಿನ ಎಣಿಸುತ್ತಿದ್ದರು.

"ಒಂದು ದಿನ ಉಂಟಲ್ಲ ಇನ್ನೂ" ಎಂದರು ಮೆಲ್ಲಗೆ. "ತಪ್ಪಾದ್ರೆ ತಿದ್ದುವ ಮಾರಾಯ್ತಿ. ಆದ್ರೆ ಪೂರ್ತಿ ತಿದ್ದು. ತೆಗೆದ ಹಣದ ಬಡ್ಡಿ ಸಹ ಹಾಕು. ಕೂತ್ಕೋ. ಮನೆಯಲ್ಲಿ ಎಲ್ಲ ಸಮ ಉಂಟಾ? ನೀರು ಗೀರು ಬರ್ತದಾ?"

ಮನೆಯ ಮಾತು ಆಗ ಯಾಕೆ ಬಂತು ಅಂತ ಯಾರೂ ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ಮಾನಸಿಯಕ್ಕ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಎರಡು ಕೈಯನ್ನೂ ಮಡಿಲಲ್ಲಿ ಒತ್ತಿ ಹಿಡಿದಿದ್ದಳು.

ಲೆಕ್ಕ ಹಾಕಿದೆ. ತೆಗೆದದ್ದು ಅಕ್ಕ ತಿಂಗಳಿಗೆ ಐವತ್ತು ಸಾವಿರ, ಅಣ್ಣ ನಲವತ್ತು ಸಾವಿರ. ಪುಸ್ತಕದಲ್ಲಿ ಇಬ್ಬರದೂ ಪ್ರತಿ ತಿಂಗಳು ಒಂದನೇ ತಾರೀಕು. ತಿಂಗಳ ಶುರುವಿಗೆ ತೆಗೆದರೆ ಏಪ್ರಿಲ್‌ನದಕ್ಕೆ ಹನ್ನೆರಡು ತಿಂಗಳ ಬಡ್ಡಿ, ಮಾರ್ಚ್‌ನದಕ್ಕೆ ಒಂದು ತಿಂಗಳದು, ಸರಾಸರಿ ಆರೂವರೆ. ಅಕ್ಕನ ಆರು ಲಕ್ಷಕ್ಕೆ ಮೂವತ್ತೊಂಬತ್ತು ಸಾವಿರ. ಅಣ್ಣನ ನಾಲ್ಕು ಲಕ್ಷ ಎಂಬತ್ತು ಸಾವಿರಕ್ಕೆ ಮೂವತ್ತೊಂದು ಸಾವಿರದ ಇನ್ನೂರು. ಇದು ಹೋಟೆಲಿಗೆ ಬರುವ ಹಣ, ಹಾಗಾಗಿ ಲಾಭದಿಂದ ವಾಪಸ್ ತೆಗೆಯುವುದು ಅಷ್ಟು ಕಡಿಮೆಯಾಗುತ್ತದೆ: ತಲಾ ಒಂದು ಲಕ್ಷ ಎಂಟು ಸಾವಿರದ ಒಂಬೈನೂರು.

ಅಕ್ಕನಿಗೆ ನಿವ್ವಳ ಬಂದದ್ದು ಮೂವತ್ತೆರಡು ಸಾವಿರದ ನೂರು. ಮೂರು ಸಲ ಕೂಡಿಸಿದೆ. ಮೂರು ಸಲವೂ ಅಷ್ಟೇ.

"ಸಾವಿರದ ಮುನ್ನೂರು ಬಾಕಿ ಉಳೀತದರಿ" ಎಂದೆ. ಸ್ವರ ನನಗೇ ಕೇಳಿಸಲಿಲ್ಲ.

"ಹಾಂ?" ಯಶ್ವಂತಣ್ಣ ಕಿವಿ ಮುಂದೆ ತಂದರು. ಕೇಳಿತ್ತು ಅವರಿಗೆ, ಇನ್ನೊಮ್ಮೆ ಹೇಳಿಸಬೇಕಿತ್ತು ಅಷ್ಟೇ.

"ನಾನು ಈಗಲೇ ಕೊಡ್ತೇನೆ ಸಾವಿರದ ಮುನ್ನೂರು" ಎಂದು ಅಕ್ಕ ಪರ್ಸಿಗೆ ಕೈ ಹಾಕಿದಳು.

"ಮಾರ್ಚ್ ಮೂವತ್ತೊಂದಕ್ಕೆ ಎಷ್ಟಿತ್ತು ಅಂತ, ಮಾನಸಿ, ಷರತ್ತು. ಇವತ್ತು ಕೊಟ್ಟದ್ದು ಇವತ್ತಿಗೆ. ಬೇಜಾರು ಮಾಡ್ಬೇಡ, ನಿನ್ನ ಗಂಡ ಇದ್ದಿದ್ರೂ ಲೆಕ್ಕ ಲೆಕ್ಕವೇ."

ಆ ಮುದುಕನ ಮುಖಕ್ಕೆ ಸಾಂಬಾರು ಎರಚಬೇಕು ಅನ್ನಿಸಿತು. ಅವರು ತಿದ್ದುಪಡಿಯ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು, ಸಹಿ ಹಾಕಲು. ಅಕ್ಕ ನನ್ನ ಲೆಕ್ಕದ ಹಾಳೆಯನ್ನು ಎತ್ತಿಕೊಂಡು ಓದುತ್ತಿದ್ದಳು. ಬೆರಳು ಒಂದು ಕಡೆ ನಿಂತಿತು.

"ಒಂದನೇ ತಾರೀಕು ಅಂತ ಎಂತಕ್ಕೆ ಬರ್ದದ್ದು ನೀನು?"

"ಕಂಪ್ಯೂಟರಿನ್ಯಾಗ ಹಂಗೇ ಕಟ್ಟಿಟ್ಟೇನ್ರಿ ಅಕ್ಕಾ. ತಿಂಗಳಾ ತಾನೇ ಬೀಳ್ತದ."

"ನನಗೆ ಯಾವತ್ತು ಒಂದನೇ ತಾರೀಕಿಗೆ ದುಡ್ಡು ಬಂದದ್ದು?" ಅವಳ ಸ್ವರ ಏರಿತು. "ಒಂದನೇ ತಾರೀಕಿಗೆ ತಗೊಳ್ಳುದು ಇವ್ರು. ಗಲ್ಲಾದಿಂದ, ಕೈಯಲ್ಲಿ. ನನಗೋ, ತರಕಾರಿಯವನಿಗೆ, ಹಾಲಿನವನಿಗೆ, ಗ್ಯಾಸಿನವನಿಗೆ ಎಲ್ಲ ಕೊಟ್ಟು ಮುಗಿದ ಮೇಲೆ ತಿಂಗಳ ಕೊನೇ ದಿನ. ಎರಡು ವರ್ಷ ಆಯ್ತು, ಆ ದಿನ ಫೋನು ಕೈಯಲ್ಲಿ ಹಿಡ್ಕೊಂಡೇ ಕೂತಿರ್ತೇನೆ ನಾನು."

ಅದು ಈ ಹೋಟೆಲಿನ ರೂಢಿ. ದೊಡ್ಡವರು ಮೊದಲು, ಉಳಿದವರು ಉಳಿದಾಗ. ನನಗೂ ಗೊತ್ತಿತ್ತು, ಆದರೆ ವರ್ಷದ ಮೊತ್ತ ಸರಿಯಿದ್ದರೆ ಸಾಕು ಅಂತ ತಾರೀಕಿನ ಗೊಡವೆಗೆ ಹೋಗಿರಲಿಲ್ಲ. ಬಡ್ಡಿ ಇಲ್ಲದ ಲೆಕ್ಕದಲ್ಲಿ ತಾರೀಕು ಯಾರಿಗೆ ಬೇಕು? ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆದೆ. ಏಪ್ರಿಲ್ ಮೂವತ್ತು, ಮೇ ಮೂವತ್ತೊಂದು, ಜೂನ್ ಮೂವತ್ತು. ಹನ್ನೆರಡಕ್ಕೆ ಹನ್ನೆರಡೂ ತಿಂಗಳ ಕೊನೆಯ ದಿನ. ಅಣ್ಣನ ಹನ್ನೆರಡು ವೋಚರುಗಳೂ ಒಂದನೇ ತಾರೀಕು, ಅವರದೇ ಸಹಿ.

ಕೊನೆಯ ದಿನ ತೆಗೆದರೆ ಸರಾಸರಿ ಐದೂವರೆ ತಿಂಗಳ ಬಡ್ಡಿ. ಅಕ್ಕನದು ಮೂವತ್ತೊಂಬತ್ತು ಸಾವಿರದಿಂದ ಮೂವತ್ತಮೂರು ಸಾವಿರಕ್ಕೆ ಇಳಿಯಿತು. ಲಾಭದಿಂದ ವಾಪಸ್ ತೆಗೆಯುವುದು ತಲಾ ಒಂದು ಲಕ್ಷ ಹನ್ನೊಂದು ಸಾವಿರದ ಒಂಬೈನೂರಾಯಿತು. ಒಂದು ಲಕ್ಷ ಎಂಬತ್ತು ಸಾವಿರದಲ್ಲಿ ಎರಡನ್ನೂ ಕಳೆದೆ. ಮೂವತ್ತೈದು ಸಾವಿರದ ನೂರು.

"ಅಕ್ಕಾ, ಸಾವಿರದ ಏಳುನೂರು ಜಮಾ!"

ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. "ಬರಿ" ಎಂದಳು. ಬರೆದೆ: ಯಶ್ವಂತ್ ಕರೆಂಟ್ ಅಕೌಂಟಿಗೆ ಖರ್ಚು, ಮಾನಸಿ ಕರೆಂಟ್ ಅಕೌಂಟಿಗೆ ಜಮಾ, ಮೂವತ್ತೈದು ಸಾವಿರದ ನೂರು. ಬಿಟ್ಟುಹೋದ ಎರಡು ಬಡ್ಡಿಯೂ ಈ ಒಂದು ಸಾಲಿನಲ್ಲಿ ಸರಿಯಾಯಿತು.

ಯಶ್ವಂತಣ್ಣ ಸ್ಟೇಟ್‌ಮೆಂಟನ್ನು ಎರಡು ಸಲ ತಿರುಗಿಸಿ ನೋಡಿದರು. ಬ್ಯಾಂಕಿನ ಮೊಹರಿನ ಮುಂದೆ ಏನು ವಾದ ಮಾಡುತ್ತಾರೆ? ಇಬ್ಬರೂ ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕುತ್ತಾ ಅವರು ನನಗೆ, "ಜನವರಿಯಲ್ಲಿ ಆ ಮನೆ ನನಗೆ ಬೇಕು. ಶ್ರೀನಿಗೆ ಹೇಳು" ಎಂದರು. ನಿರೀಕ್ಷಿಸಿದ್ದೆ.

"ಅಣ್ಣನ ಖಾತೆ ಈಗ ಎಷ್ಟಾಯ್ತು?" ಮಾನಸಿಯಕ್ಕ ಕೇಳಿದಳು.

ಇಪ್ಪತ್ತೆರಡು ಸಾವಿರ ಜಮಾ ಇತ್ತು. ಅದರಲ್ಲಿ ಮೂವತ್ತೈದು ಸಾವಿರದ ನೂರು ಹೋಯಿತು. ಹಾಳೆಯನ್ನು ಅವಳ ಕಡೆ ತಿರುಗಿಸಿದೆ.

"ಹದಿಮೂರು ಸಾವಿರದ ನೂರು ಬಾಕಿ" ಎಂದು ಅವಳೇ ಗಟ್ಟಿಯಾಗಿ ಓದಿದಳು. "ಇದು ಒಂದನೇ ವರ್ಷ. ಬರುವ ಮಾರ್ಚ್‌ಗೂ ಬಾಕಿ ಆದ್ರೆ ಎರಡು."

ಯಶ್ವಂತಣ್ಣನ ಮುಖದ ಬಣ್ಣ ಇಳಿಯಿತು. ಷರತ್ತು ಬರೆಸಿದವರು ಅವರೇ. ಅದರ ಒಂದೊಂದು ಅಕ್ಷರವೂ ಅವರಿಗೆ ಗೊತ್ತು. "ಮಾನಸಿ, ನಾವೆಲ್ಲ ಒಂದೇ ಊರಿನವ್ರು" ಎಂದು ಶುರು ಮಾಡಿದರು.

"ಲೆಕ್ಕ ಲೆಕ್ಕವೇ ಅಣ್ಣ" ಎಂದಳು ಅವಳು. ಆಮೇಲೆ ನನ್ನ ಕಡೆ ನೋಡಿದಳು. ಥ್ಯಾಂಕ್ಸ್ ಹೇಳುತ್ತಾಳೆ, ಮನೆಯ ವಿಷಯ ಕೇಳುತ್ತಾಳೆ ಅಂತ ಒಂದು ಕ್ಷಣ ಆಸೆಪಟ್ಟೆ. "ಏಪ್ರಿಲ್‌ನಿಂದ ಇವ್ರು ಎಷ್ಟು ತೆಗೆದಿದ್ದಾರೆ, ಯಾವ್ಯಾವ ತಾರೀಕಿಗೆ, ಸಂಜೆಯೊಳಗೆ ನನಗೆ ಕಳಿಸು. ಮತ್ತೆ ಈ ಸಲ ತಾರೀಕು ತಪ್ಪಿಸ್ಬೇಡ ಅಪರ್ಣಾ. ತಪ್ಪಿದ್ರೆ ನಿನ್ನನ್ನೂ ಇಟ್ಕೊಳ್ಳುದಿಲ್ಲ."

ನೋಟಿಸ್ ಬಂದಾಗಿನಿಂದ ನಾನು ಹೆದರಿದ್ದು ಅವಳಿಗಾಗಿ. ಈಗ ಅವಳನ್ನು ಕಂಡೇ ಹೆದರಿಕೆಯಾಯಿತು. "ಆತ್ರಿ ಅಕ್ಕಾ" ಎಂದು ಯಶ್ವಂತಣ್ಣನ ವೋಚರುಗಳ ಫೈಲು ತೆರೆದೆ.