ಧನ್ಯಶ್ರೀ ಬಾಯಿ ಬಿಡಲಿಲ್ಲ

ಹೆತ್ತ ತಾಯಿ ಸತ್ತರೂ ಅಳದ ಹುಡುಗಿ ಅಂತ ಯಗಟಿಯ ಆ ಬೀದಿಯೆಲ್ಲ ಮಾತಾಡಿಕೊಂಡಿತು. ಆಡುವವರ ಬಾಯಿಗೆ ಬೀಗ ಹಾಕೋಕಾಗುತ್ತಾ? ನನ್ನ ತಂಗಿ ಯಶೋದಾ ಬೆಳಿಗ್ಗೆ ಎದೆನೋವು ಅಂದವಳು, ಕಡೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು. ಅಜ್ಜಂಪುರದಿಂದ ನಾನು ಓಡಿ ಬರುವಷ್ಟರಲ್ಲಿ ಅಂಗಳದಲ್ಲಿ ಮಲಗಿಸಿದ್ದರು. ಅವಳ ತಲೆಯ ಹತ್ತಿರ ಮಗಳು ಧನ್ಯಶ್ರೀ, ಎಂಟನೇ ಕ್ಲಾಸಿನ ಹುಡುಗಿ, ತುಟಿ ಬಿಗಿದುಕೊಂಡು ಕೂತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತಾ ಅಂದರೆ ಅದೂ ಇಲ್ಲ. ಮಣ್ಣು ಮಾಡುವಾಗಲೂ ಅಷ್ಟೇ. ಮೂರನೇ ದಿನದ ಹಾಲುತುಪ್ಪಕ್ಕೆ ಬಂದ ಹೆಂಗಸರು ಎದೆ ಬಡಿದುಕೊಂಡು ಅತ್ತರು. ಇವಳು ಅಮ್ಮನ ಗುದ್ದೆಯ ಮಣ್ಣನ್ನೇ ನೋಡುತ್ತಾ ನಿಂತಿದ್ದಳು.

"ಕಲ್ಲು ಕಣೆ ಹೇಮಾ, ನಿನ್ ತಂಗಿ ಮಗಳು ಕಲ್ಲು," ಅಂದಳು ಒಬ್ಬಳು.

"ನಿನ್ ಬಾಯಿಗಿಂತ ಕಲ್ಲೇ ವಾಸಿ, ಹೋಗಮ್ಮ," ಅಂದೆ. ಹಾಲುತುಪ್ಪದ ದಿನ ಜಗಳ ಆಡಬಾರದಂತೆ. ನನಗೆ ಬೇಕಾಗಿಯೇ ಇರಲಿಲ್ಲ, ಅವಳಾಗಿ ತಂದುಕೊಂಡಳು.

ಆದರೆ ನನಗೂ ಒಳಗೊಳಗೇ ಹೆದರಿಕೆ ಹತ್ತಿತ್ತು. ಹುಡುಗಿ ಮಾತಾಡುತ್ತಿರಲಿಲ್ಲ. ಊಟ ಇಟ್ಟರೆ ತಟ್ಟೆ ಸರಿಸುತ್ತಿದ್ದಳು. ರಾಗಿ ಅಂಬಲಿಯನ್ನು ಬಾಯಿಯ ಎಡಗಡೆಯಿಂದ ಗುಟುಕು ಗುಟುಕಾಗಿ ಇಳಿಸಿ ಲೋಟ ಕೆಳಗಿಡುತ್ತಿದ್ದಳು. "ಮುದ್ದೆ ನುಂಗೋಕೆ ಹಲ್ಲು ಯಾಕವ್ವಾ, ಒಂದ್ ತುತ್ತು ನುಂಗು," ಅಂತ ಅವಳ ಅಜ್ಜಿ ಕಲ್ಲಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು ಬೇಡಿದರೂ ಬಾಯಿ ತೆರೆಯಲಿಲ್ಲ.

ಧನ್ಯಶ್ರೀಯ ಹಲ್ಲಿಗೆ ಕ್ಲಿಪ್ ಹಾಕಿಸಿದ್ದು ಯಶೋದಾ. ಮುಂದಿನ ಹಲ್ಲುಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು. ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುವುದನ್ನು ನನ್ನ ತಂಗಿಗೆ ನೋಡಲಾಗುತ್ತಿರಲಿಲ್ಲ. ತಿಂಗಳಿಗೊಮ್ಮೆ ಕಡೂರಿನ ಹಲ್ಲಿನ ಕ್ಲಿನಿಕ್ಕಿಗೆ ಬಸ್ಸಲ್ಲಿ ಕರೆದುಕೊಂಡು ಹೋಗುತ್ತಿದ್ದಳು. ತಂತಿ ಚುಚ್ಚಿದರೆ ಅದರ ಮೇಲೆ ಕ್ಲಿನಿಕ್ಕಿನವರು ಡಬ್ಬಿಯಲ್ಲಿ ಕೊಟ್ಟ ಮೇಣ ಇಡುವುದು, ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸುವುದು, ಎಲ್ಲ ಅವಳದೇ ಉಸ್ತುವಾರಿ. ಅಪ್ಪ ಕನಕರಾಜುಗೆ ಕುರಿ ಬಿಟ್ಟರೆ ಬೇರೆ ಲೋಕ ಗೊತ್ತಿಲ್ಲ.

ಹಾಲುತುಪ್ಪದ ಮಾರನೇ ಬೆಳಿಗ್ಗೆ ಹಾಸಿಗೆ ಮಡಚುವಾಗ ಧನ್ಯಶ್ರೀಯ ದಿಂಬಿನ ಮೇಲೆ ಜೊಲ್ಲಿನ ಜೊತೆ ರಕ್ತದ ಕಲೆ ಕಂಡೆ. ಅವಳ ಬಲಗೆನ್ನೆ ಮುಟ್ಟಿದೆ. ಬಾತುಕೊಂಡಿತ್ತು, ಮುಟ್ಟಿದ ಕೂಡಲೇ ಮುಖ ಹಿಂದಕ್ಕೆಳೆದಳು. ಅಯ್ಯೋ ಶಿವನೇ, ದುಃಖ ಅಂತ ನಾವೆಲ್ಲ ಸುಮ್ಮನಿದ್ದರೆ ಈ ಕೂಸು ನೋವು ತಿನ್ನುತ್ತಾ ಕೂತಿದೆ!

ವಿಷಯ ಕೇಳಿ ಕನಕರಾಜು ಹಟ್ಟಿಯಿಂದ ಇಕ್ಕಳ ಹಿಡಿದುಕೊಂಡೇ ಬಂದ. "ಆ ಕ್ಲಿಪ್ಪೇ ಎಳೆದು ಬಿಸಾಕ್ತೀನಿ ಅಕ್ಕ. ಇದೇ ಇಕ್ಕಳದಲ್ಲಿ ಬೇಲಿ ತಂತಿ ಬಿಗೀತೀನಿ, ಇದೇನ್ ಮಹಾ."

"ಬಾಯಿಗೂ ಬೇಲಿಗೂ ವ್ಯತ್ಯಾಸ ಇಲ್ವೇನಪ್ಪಾ ನಿಂಗೆ? ಅದನ್ನ ಆಚೆ ಇಡು. ಮೊದ್ಲು ಕ್ಲಿನಿಕ್ಕಿಗೆ ಫೋನ್ ಮಾಡು."

ಫೋನ್ ತೆಗೆದವಳು ಅಲ್ಲಿ ಕೆಲಸ ಮಾಡುವ ಸುಮನಾ. ಹಲ್ಲು ಸರಿಮಾಡುವ ಡಾಕ್ಟರು ಶಿವಮೊಗ್ಗದಿಂದ ಬರುವವರು, ಗುರುವಾರವೇ ಸಿಗುವುದು ಅಂದಳು. ಅಲ್ಲಿಯವರೆಗೆ ಏನು ಮಾಡಬೇಕು ಅಂತ ನನಗೆ ನಿಧಾನವಾಗಿ ಹೇಳಿಕೊಟ್ಟಳು.

"ಏನನ್ನೂ ಎಳೀಬೇಡಿ ಆಂಟಿ. ಒಂದು ಎಳೆದ್ರೆ ಬೇರೆಯವೂ ಕಿತ್ತು ಬರ್ತವೆ. ಕೈ ಚೆನ್ನಾಗಿ ತೊಳ್ಕೊಂಡು ಹಳೇ ಮೇಣ ತೆಗೀರಿ, ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಮುಕ್ಕಳಿಸ್ಲಿ. ಆಮೇಲೆ ಬೆಳಕಲ್ಲಿ ನೋಡಿ. ಸಣ್ಣ ತಂತಿ ತುದಿ ಚುಚ್ಚುತಿದ್ರೆ, ಪೆನ್ಸಿಲ್ ಹಿಂದಿರೋ ರಬ್ಬರ್ ತೊಳ್ದು, ಅದ್ರಲ್ಲಿ ಮೆಲ್ಲಗೆ ಹಲ್ಲಿನ ಕಡೆ ಒತ್ತಿ. ಹಲ್ಲಿಗೆ ಅಂಟ್ಸಿರೋ ಬ್ರಾಕೆಟ್ ಬಿಟ್ಕೊಂಡಿದ್ರೆ ತಂತಿ ಮೇಲೇ ಇರ್ಲಿ, ಮೇಣ ಹಚ್ಚಿ. ಪೂರ್ತಿ ಉದುರಿದ್ರೆ ಡಬ್ಬಿಲಿ ಹಾಕ್ಕೊಂಡು ಬನ್ನಿ. ಬಾವು ಜಾಸ್ತಿ ಆದ್ರೆ, ಜ್ವರ ಬಂದ್ರೆ ಗುರುವಾರ ಕಾಯ್ಬೇಡಿ."

ಕೇಳಿಸಿಕೊಂಡಷ್ಟು ಸುಲಭವಾಗಿರಲಿಲ್ಲ. ಜಗುಲಿಯ ಬಿಸಿಲಿಗೆ ಹುಡುಗಿಯನ್ನು ಕೂರಿಸಿದೆ. "ಆ ಅನ್ನು" ಅಂದೆ. ತಲೆ ಅಲ್ಲಾಡಿಸಿದಳು. ಗದರಿದೆ. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ನನಗೆ ರೇಗಿಹೋಯಿತು.

"ಏನೇ ನಿಂದು ಹಟ? ನಿಮ್ಮಮ್ಮ ಹೋದ ಸಂಕಟ ನಮಗಿಲ್ವಾ? ನಾನೂ ಒಡಹುಟ್ಟಿದವಳೇ ಕಣೇ! ಈಗ ನಿನ್ನನ್ನೂ ಆಸ್ಪತ್ರೆಗೆ ಹೊತ್ಕೊಂಡ್ ಹೋಗ್ಬೇಕಾ?"

ಹುಡುಗಿ ಬೆರಳ ಸಂದಿಯಿಂದ, ತುಟಿ ಅಲ್ಲಾಡಿಸದೆಯೇ ಅಂದಳು: "ಮೇಣ ತೆಗೀಬೇಡ ದೊಡ್ಡಮ್ಮ. ಅಮ್ಮ ಇಟ್ಟಿದ್ದು."

ನನಗೆ ಮೊದಲು ಅರ್ಥವೇ ಆಗಲಿಲ್ಲ.

"ಅವತ್ತು ಬೆಳಿಗ್ಗೆ ಇಟ್ಟಿದ್ದು. ಇಟ್ಟಾದ್ಮೇಲೇ ಎದೆ ನೋಯ್ತದೆ ಅಂದಿದ್ದು. ಉಂಡ್ರೆ ಬಿದ್ದೋಗುತ್ತೆ. ಜೋರಾಗಿ ಬಾಯಿ ತೆಗೆದ್ರೂ ಬಿದ್ದೋಗುತ್ತೆ. ಅದಕ್ಕೇ ನಾನು ಅಳ್ಲಿಲ್ಲ."

ಜಗುಲಿಯ ಕಂಬ ಹಿಡಿದುಕೊಂಡೆ. ಅಷ್ಟು ಜನ ಕಲ್ಲು ಕಲ್ಲು ಅಂದರಲ್ಲ, ಈ ಪುಟ್ಟ ಬಾಯಿ ಅಮ್ಮನ ಕೈಯ ಕೊನೆಯ ಕೆಲಸವನ್ನು ಕಾದುಕೊಂಡು ಕೂತಿತ್ತು. ಕನಕರಾಜು ಗೋಡೆ ಕಡೆ ತಿರುಗಿ ನಿಂತ. ಅವನ ಬೆನ್ನು ಅಲ್ಲಾಡುವುದು ಕಾಣುತ್ತಿತ್ತು. ಕಲ್ಲಮ್ಮ "ಹಂಗೇ ಬಿಟ್ಬಿಡವ್ವಾ ಪಾಪ" ಅಂದಳು. ಬಿಡಬೇಕು ಅಂತ ನನಗೂ ಅನಿಸಿತು. ಆದರೆ ಕೆನ್ನೆ ಬಾತಿತ್ತು, ಬಾಯಿಂದ ವಾಸನೆ ಬರುತ್ತಿತ್ತು. ಬಿಡುವುದು ಹೇಗೆ?

ಅವಳ ಪಕ್ಕದಲ್ಲಿ ಕೂತೆ. ನನ್ನ ದನಿ ಎಂದೂ ಇಷ್ಟು ಮೆತ್ತಗಾಗಿರಲಿಲ್ಲ.

"ನೋಡು ಪುಟ್ಟಾ, ನಿಮ್ಮಮ್ಮ ಅದನ್ನ ಯಾಕೆ ಇಟ್ಲು? ನಿಂಗೆ ನೋಯ್ಬಾರ್ದು ಅಂತ ತಾನೆ? ಈಗ ನೋಯ್ತೈತೆ. ಅವಳು ಇದ್ದಿದ್ರೆ ಅವಳೇ ತೆಗೆದು ಬೇರೆ ಇಡ್ತಿದ್ಲು."

ಹುಡುಗಿ ಅಂಗಳದ ಕಡೆ ನೋಡಿದಳು. ಆಮೇಲೆ ಕೈ ಇಳಿಸಿದಳು. ಬಾಯಿ ತೆರೆದಳು.

ಮೇಣ ಸವೆದು ಹಲ್ಲಿನ ಸಂದಿಯಲ್ಲಿ ಎಲ್ಲೋ ಒಂದಿಷ್ಟು ಉಳಿದಿತ್ತು. ಬ್ರಾಕೆಟ್ಟೊಂದು ಹಲ್ಲು ಬಿಟ್ಟು ತಂತಿಯ ಮೇಲೆ ಅತ್ತಿತ್ತ ಸರಿಯುತ್ತಿತ್ತು. ಅದನ್ನು ಕಟ್ಟಿದ ಸಣ್ಣ ತಂತಿಯ ತುದಿ ಕೆನ್ನೆಯೊಳಗೆ ನೆಟ್ಟು ಹುಣ್ಣಾಗಿತ್ತು. ಮೇಣವನ್ನು ಬೆರಳ ತುದಿಯಲ್ಲಿ ತೆಗೆದು ಅವಳ ಅಂಗೈಗೆ ಹಾಕಿದೆ. ಅಂಬಲಿಯ ಬಣ್ಣ ಹತ್ತಿದ, ಸಾಸಿವೆಗಿಂತ ಸ್ವಲ್ಪ ದೊಡ್ಡ ಚೂರು.

ಅದನ್ನೇ ನೋಡಿದಳು. "ಇಷ್ಟೇನಾ ದೊಡ್ಡಮ್ಮ?"

"ಹೂಂ ಕಣವ್ವಾ, ಇಷ್ಟೇ" ಅಂದೆ.

ಉಪ್ಪುನೀರು ಉರಿಯಿತು, ಕಣ್ಣು ಮುಚ್ಚಿಕೊಂಡು ಮುಕ್ಕಳಿಸಿದಳು. ರಬ್ಬರಿನಿಂದ ತಂತಿಯ ತುದಿ ಒತ್ತಿದೆ, ಅದು ಹಲ್ಲಿನ ಕಡೆಗೆ ಬಾಗಿ ಕೂತಿತು. ಡಬ್ಬಿಯಿಂದ ಹೊಸ ಮೇಣ ಮುರಿದೆ. ಹುಡುಗಿ ಕೈ ಚಾಚಿದಳು.

"ಕೊಡು. ನಾನೇ ಇಟ್ಕೋತೀನಿ."

ಕೈ ತೊಳೆದು, ಬಟ್ಟೆಯಿಂದ ಹಲ್ಲು ಒರೆಸಿಕೊಂಡಳು. ಮೇಣವನ್ನು ಬೆರಳಲ್ಲಿ ಉರುಟು ಮಾಡಿ ಬಿಸಿ ಮಾಡಿಕೊಂಡು, ಕನ್ನಡಿ ನೋಡದೆಯೇ ಬ್ರಾಕೆಟ್ಟಿನ ಮೇಲೆ ಒತ್ತಿದಳು. ಅಮ್ಮ ಮಾಡುವುದನ್ನು ಅಷ್ಟು ದಿನ ನೋಡಿದವಳಲ್ಲವೇ, ಒಂದೂ ತಪ್ಪಲಿಲ್ಲ. ಹದಿಮೂರು ತುಂಬದ ಹುಡುಗಿಗೆ ಇನ್ನು ಯಾರೂ ಬೇಡವಾಯಿತಲ್ಲ ಅನಿಸಿತು ನನಗೆ.

ಆಮೇಲೆ ಬಾಯಿ ಅಗಲಿಸಿ ನನಗೆ ತೋರಿಸಿದಳು. "ಸರಿಯಾಗೈತಾ?"

"ಸರಿಯಾಗೈತೆ."

ಅವಳ ಗದ್ದ ನಡುಗತೊಡಗಿತು. ಗಪ್ಪನೆ ತುಟಿ ಬಿಗಿದುಕೊಂಡಳು. "ಅತ್ರೆ ಇದೂ ಬಿದ್ದೋಗುತ್ತೆ ದೊಡ್ಡಮ್ಮ."

"ಬೀಳ್ಲಿ ಬಿಡು ನನ್ ಕಂದ. ಇನ್ನೊಂದು ಇಟ್ಕೊಂಡ್ರಾಯ್ತು. ಅಳು."

ಅವಳು ಬಾಯಿ ತೆರೆದು "ಅಮ್ಮಾ" ಅಂತ ಕೂಗಿದಳು. ಬೀದಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ, ನಾನೂ ಅಳುತ್ತಿದ್ದೆ.